ಅಜೆಂಡಾದಲ್ಲಿ ಮಾತು ಬೆರೆತಾಗ: ವೇಳಾಪಟ್ಟಿ ಎಲ್ಲಿ ಕೆಡುತ್ತದೆ, ಹೇಗೆ ಹಿಡಿಯುವುದು

ಹತ್ತು ಗಂಟೆಗೆ ಸಭೆ ಶುರುವಾಗಿತ್ತು. 10:35 ಆದರೂ ಮೊದಲ ವಿಷಯವೇ ಮುಗಿದಿರಲಿಲ್ಲ. ಅಷ್ಟರಲ್ಲಿ ನಡಾವಳಿ ಬರೆಯುತ್ತಿದ್ದವರು ತಲೆ ಎತ್ತಿ, "ಇಷ್ಟು ಹೊತ್ತು ಮಾತಾಡಿದ್ದಕ್ಕೆ ಏನಂತ ಬರೆಯಲಿ?" ಅಂತ ಕೇಳಿದರು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ವೇಳಾಪಟ್ಟಿ ಮಾತ್ರ ಎಲ್ಲರ ಮುಂದೆಯೂ ಇತ್ತು. ನಿಮಿಷ ನಿಮಿಷ ಲೆಕ್ಕ ಹಾಕಿ ಅದನ್ನು ತಯಾರಿಸಿದ್ದವನು ನಾನೇ.

ತಪ್ಪು ಎಲ್ಲಿ ಆಗಿತ್ತು ಅಂತ ಆಮೇಲೆ ಹುಡುಕಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಹಂಚಿಕೊಂಡ ಕಡತದಲ್ಲಿ ಎಲ್ಲರೂ ವಿಷಯ ಸೇರಿಸುತ್ತಾರೆ. ಅದರ ಕೆಳಗೇ ಅಭಿಪ್ರಾಯ, ಪ್ರಶ್ನೆ, ಗೊಣಗಾಟ ಎಲ್ಲ ಬರೆದು ಹೋಗುತ್ತಾರೆ. ಹಿಂದಿನ ದಿನ ಸಂಜೆ ಯಾರೋ ಒಬ್ಬರು ಅದನ್ನು ಸಮಯ, ಮಂಡಿಸುವವರು, ಫಲಿತ ಅಂತ ಕಾಲಂ ಇರುವ ಅಜೆಂಡಾ ಮಾಡಬೇಕು. ಆ ಒಬ್ಬರು ನೀವಾಗಿದ್ದರೆ ಈ ಬರಹ ನಿಮಗೆ.

ಮೊದಲು ಕಚ್ಚಾ ಪಟ್ಟಿ ನೋಡಿ. ಒಂಬತ್ತು ಜನರ ತಂಡ, ಒಂದು ಗಂಟೆಯ ಸಭೆ. ಸಾಲುಗಳಿಗೆ ಸಂಖ್ಯೆ ಕೊಟ್ಟವನು ನಾನು, ಮಾತೆಲ್ಲ ಅವರದ್ದೇ.

1. ಹೊಸ ದೂರು ತಂತ್ರಾಂಶ
2. ಹಳೆಯದೇ ಸಾಕಲ್ವಾ? ಕಲಿಯೋಕೆ ಮತ್ತೆ ಒಂದು ತಿಂಗಳು ಹೋಗುತ್ತೆ – ಫೋನ್ ತಂಡ
3. ಎರಡು ವಾರದ ಪರೀಕ್ಷೆ ಮುಗಿದಿದೆ, ವರದಿ ಶುಕ್ರವಾರದೊಳಗೆ ಕಳಿಸ್ತೀನಿ – ತಾಂತ್ರಿಕ ವಿಭಾಗ
4. ಹಳೆಯ ದೂರುಗಳೆಲ್ಲ ಇದಕ್ಕೆ ಬರುತ್ತವಾ? – ಫೋನ್ ತಂಡ
5. ವಾರಾಂತ್ಯದ ಪಾಳಿ
6. ಮುಂದಿನ ತಿಂಗಳಿಂದ ಶುರು ಅಂತ ಆಗಿದೆಯಲ್ಲ
7. ಇಬ್ಬರು ರಜೆಯಲ್ಲಿದ್ದಾರೆ, ಯಾರನ್ನು ಹಾಕೋದು?
8. ಭತ್ಯೆ ಎಷ್ಟು ಅಂತ ಮೊದಲು ಹೇಳಿ
9. ಬಜೆಟ್
10. ತಂತ್ರಾಂಶದ ಪರವಾನಗಿ ಶುಲ್ಕ ಇದರಲ್ಲೇ ಸೇರಿದೆಯಾ?
11. +1
12. ಗ್ರಾಹಕರಿಗೆ ಉತ್ತರ ತಡ ಆಗ್ತಿದೆ
13. ಪಾಳಿ ಸರಿಯಾದ್ರೆ ಇದೂ ಸರಿಹೋಗುತ್ತೆ
14. ಇತರೆ

ಹದಿನಾಲ್ಕು ಸಾಲು, ಅರವತ್ತು ನಿಮಿಷ. ನಾನು ಸಾಲಿಗೆ ನಾಲ್ಕು ನಿಮಿಷ ಅಂತ ಹಂಚಿದೆ. ಒಟ್ಟು 56, ಉಳಿದ ನಾಲ್ಕು ನಿಮಿಷ ಮುಗಿಸೋಕೆ. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ತಪ್ಪಿದ್ದದ್ದು ನಾನು ಏನನ್ನು ಎಣಿಸಿದೆ ಅನ್ನುವುದರಲ್ಲಿ. ಹದಿನಾಲ್ಕು ಸಾಲು ಅಂದರೆ ಹದಿನಾಲ್ಕು ವಿಷಯ ಅಲ್ಲವಲ್ಲ.

ಕೈ ಹಾಕುವ ಮುಂಚೆ ಒಂದು ನಕಲು

ಇದು ಸಣ್ಣ ಕೆಲಸ, ಆದರೆ ಬಿಟ್ಟರೆ ಜಗಳ ಖಂಡಿತ. ಕಚ್ಚಾ ಕಡತವನ್ನೇ ತಿದ್ದಬೇಡಿ, ನಕಲು ಮಾಡಿಕೊಂಡು ಅದರಲ್ಲಿ ಕೆಲಸ ಮಾಡಿ. ಗೂಗಲ್ ಡಾಕ್ಸ್‌ನಲ್ಲಿ `Make a copy` ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ `Copy comments and suggestions` ಅನ್ನುವ ಆಯ್ಕೆ ಇರುತ್ತದೆ. ಅದಕ್ಕೆ ಗುರುತು ಹಾಕದಿದ್ದರೆ ಅಂಚಿನಲ್ಲಿರುವ ಕಾಮೆಂಟುಗಳು ನಕಲಿಗೆ ಬರುವುದಿಲ್ಲ. ಅರ್ಧ ಚರ್ಚೆ ನಡೆದಿರುವುದೇ ಅಂಚಿನಲ್ಲಿ. ಸಾಲು ಅಳಿಸಿದರೆ ಅದಕ್ಕೆ ಅಂಟಿಕೊಂಡಿದ್ದ ಕಾಮೆಂಟೂ ಅಂಚಿನಿಂದ ಮಾಯ. "ನಾನು ಬರೆದಿದ್ದನ್ನು ಯಾಕೆ ತೆಗೆದಿರಿ?" ಅಂತ ಸಭೆಯಲ್ಲಿ ಯಾರಾದರೂ ಕೇಳಿದಾಗ ತೋರಿಸೋಕೆ ಮೂಲ ಕಡತ ಇದ್ದ ಹಾಗೇ ಇರಬೇಕು.

ದೋಷ ಒಂದು: ಮಾತನ್ನು ವಿಷಯ ಅಂದುಕೊಂಡದ್ದು

ಲಕ್ಷಣ ಸುಲಭ. ಸಭೆಯಲ್ಲಿ ಒಂದು ಸಾಲು ಓದುತ್ತೀರಿ, ಬರೆದವರು "ಅಯ್ಯೋ, ಅದು ಸುಮ್ನೆ ಬರೆದಿದ್ದು" ಅನ್ನುತ್ತಾರೆ. ಅಥವಾ ಒಂದು ಸಾಲಿಗೆ ನಾಲ್ಕು ನಿಮಿಷ ಕೊಟ್ಟಿದ್ದೀರಿ, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಪಕ್ಕದ ಸಾಲು ಮಾತ್ರ ಅರ್ಧ ಗಂಟೆ ತಿನ್ನುತ್ತದೆ.

ಪರೀಕ್ಷೆ ಹೀಗೆ. ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಇಡಿ: ಇದಕ್ಕೆ ಉತ್ತರ ಸಿಗಬೇಕಾದರೆ ಒಂಬತ್ತು ಜನ ಒಂದೇ ಕಡೆ ಕೂರಬೇಕಾ? ಬೇಕು ಅನ್ನಿಸಿದರೆ ಮಾತ್ರ ಅದು ವಿಷಯ. ಒಬ್ಬರಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ ಅಂದರೆ ಅದು ಸಭೆಗೆ ಮುಂಚೆ ಮುಗಿಯಬೇಕಾದ ಪ್ರಶ್ನೆ. ಯಾರೂ ಏನೂ ಮಾಡಬೇಕಿಲ್ಲ, ತಿಳಿದಿದ್ದರೆ ಸಾಕು ಅಂದರೆ ಅದು ಮಾಹಿತಿ. ಉಳಿದದ್ದು ಅಭಿಪ್ರಾಯ. ಅಭಿಪ್ರಾಯ ಯಾವುದಾದರೂ ವಿಷಯದ ಹೊಟ್ಟೆಯೊಳಗೆ ಹೋಗಬೇಕು, ಹೊರಗೆ ಒಂಟಿಯಾಗಿ ನಿಲ್ಲಬಾರದು.

ಈ ಜರಡಿಯಲ್ಲಿ ನಮ್ಮ ಹದಿನಾಲ್ಕು ಸಾಲು ಹಾಕೋಣ. ಎರಡನೆಯದು ಅಭಿಪ್ರಾಯ, ತಂತ್ರಾಂಶದ ಕೆಳಗೆ ಹೋಯಿತು. ಮೂರನೆಯದು ಮಾಹಿತಿ, ಜೊತೆಗೆ ಒಂದು ವಾಗ್ದಾನವೂ ಇದೆ: ಶುಕ್ರವಾರದೊಳಗೆ ವರದಿ. ನಾಲ್ಕನೆಯದನ್ನು ತಾಂತ್ರಿಕ ವಿಭಾಗಕ್ಕೆ ಒಂದು ಸಂದೇಶ ಕಳಿಸಿ ಕೇಳಿದರೆ ಮುಗಿಯುತ್ತದೆ. ಎಂಟು ಮತ್ತು ಹತ್ತು ಎರಡೂ ಲೆಕ್ಕಪತ್ರ ನೋಡಿಕೊಳ್ಳುವವರು ಒಂದೊಂದು ಅಂಕಿ ಕೊಟ್ಟರೆ ಮುಗಿಯುವ ಪ್ರಶ್ನೆಗಳು. ಒಂಬತ್ತನೆಯ ಸಾಲಿನ "ಬಜೆಟ್" ನೋಡೋಕೆ ದೊಡ್ಡ ವಿಷಯ. ಹಾಕಿದವರನ್ನು ಕೇಳಿದೆ. "ಈ ತ್ರೈಮಾಸಿಕದ ಖರ್ಚಿನ ಪಟ್ಟಿ ತೋರಿಸೋಣ ಅಂತ" ಅಂದರು. ತೋರಿಸುವುದು ಅಷ್ಟೇ. ಹಾಗಾದರೆ ಪಟ್ಟಿ ಮೇಲ್‌ನಲ್ಲಿ ಹೋಗಲಿ, ಸಭೆಯ ಸಮಯ ಯಾಕೆ?

ಈಗ ಏಳನೆಯ ಸಾಲು ನೋಡಿ: "ಯಾರನ್ನು ಹಾಕೋದು?" ಶೀರ್ಷಿಕೆ ಇರುವುದು ಐದರಲ್ಲಿ, "ವಾರಾಂತ್ಯದ ಪಾಳಿ" ಅಂತ. ಆದರೆ ಎಲ್ಲರೂ ಕೂತು ಬಿಡಿಸಬೇಕಾದ ಗಂಟು ಇರುವುದು ಏಳರಲ್ಲಿ, ಒಬ್ಬರ ಗೊಣಗಾಟದ ರೂಪದಲ್ಲಿ. ಇದು ಆಗಾಗ ಆಗುತ್ತದೆ. ಶೀರ್ಷಿಕೆ ಬರೀ ಹೆಸರು, ನಿಜವಾದ ವಿಷಯ ಕಾಮೆಂಟಿನಲ್ಲಿ ಅಡಗಿರುತ್ತದೆ. "ಕಾಮೆಂಟ್ ಎಲ್ಲ ತೆಗೆದು ಶೀರ್ಷಿಕೆ ಮಾತ್ರ ಇಟ್ಟುಕೊಂಡೆ" ಅನ್ನುವವರು ಕೈಬಿಡುವುದು ಇದನ್ನೇ. ಕಸ ಗುಡಿಸುವಾಗ ಕಾಳೂ ಹೋದ ಹಾಗೆ.

ಆರನೆಯ ಸಾಲಿಗೆ ಸ್ವಲ್ಪ ಹುಷಾರಾಗಿರಿ. "ಶುರು ಅಂತ ಆಗಿದೆಯಲ್ಲ" ಅನ್ನುವ ಮಾತು ತೀರ್ಮಾನದ ವೇಷ ಹಾಕಿಕೊಂಡು ಬರುತ್ತದೆ. ಅದನ್ನು ನಂಬಿ ಹೊಸ ಅಜೆಂಡಾದಲ್ಲಿ "ಮುಂದಿನ ತಿಂಗಳಿಂದ ಪಾಳಿ ಶುರು" ಅಂತ ಬರೆದುಬಿಟ್ಟರೆ, ಆಗದ ತೀರ್ಮಾನವನ್ನು ನೀವೇ ಮಾಡಿದ ಹಾಗೆ. ಹಿಂದಿನ ಸಭೆಯ ನಡಾವಳಿ ತೆಗೆದು ನೋಡಿ. ನಾನು ನೋಡಿದಾಗ, ಶುರು ಮಾಡುವ ತೀರ್ಮಾನ ಆಗಿತ್ತು, ತಾರೀಖು ಮಾತ್ರ ಬರೆದಿರಲಿಲ್ಲ. ನಡಾವಳಿಯಲ್ಲಿ ಸಿಗದಿದ್ದರೆ ಅದನ್ನು ಅಭಿಪ್ರಾಯ ಅಂತಲೇ ಇಟ್ಟುಕೊಳ್ಳಬೇಕು.

ಹನ್ನೊಂದನೆಯ "+1" ಯಾವುದಕ್ಕೆ? ಬಜೆಟ್ ಚರ್ಚೆ ಬೇಕು ಅಂತಲೋ, ಪರವಾನಗಿಯ ಪ್ರಶ್ನೆ ತನಗೂ ಇದೆ ಅಂತಲೋ? ಊಹೆ ಮಾಡಬೇಡಿ, ಹಾಕಿದವರನ್ನೇ ಕೇಳಿ. ಹದಿನಾಲ್ಕನೆಯ "ಇತರೆ"ಗೆ ಫಲಿತವೂ ಇಲ್ಲ, ಮಂಡಿಸುವವರೂ ಇಲ್ಲ. ತೆಗೆದು ಹಾಕಿದೆ. ಯಾರೂ ಅಳಲಿಲ್ಲ.

ಉಳಿದದ್ದು ಮೂರು ವಿಷಯ: ತಂತ್ರಾಂಶ, ಪಾಳಿಗೆ ಯಾರು, ಉತ್ತರ ಯಾಕೆ ತಡ. ಹದಿನಾಲ್ಕರಲ್ಲಿ ಮೂರು.

ದೋಷ ಎರಡು: ಫಲಿತದ ಕಾಲಂನಲ್ಲಿ "ಚರ್ಚೆ"

ಇದರ ಲಕ್ಷಣ ಆಗಲೇ ಹೇಳಿದೆ. "ಏನಂತ ಬರೆಯಲಿ?" ಅನ್ನುವ ಪ್ರಶ್ನೆ. ನನ್ನ ಮೊದಲ ಅಜೆಂಡಾದಲ್ಲಿ ಮೂರು ಕಡೆ "ಚರ್ಚೆ", ಎರಡು ಕಡೆ "ಗಮನಕ್ಕೆ" ಅಂತ ಇತ್ತು. ಚರ್ಚೆ ಅನ್ನುವುದು ಸಭೆಯಲ್ಲಿ ಮಾಡುವ ಕೆಲಸ. ಮುಗಿದ ಮೇಲೆ ಕೈಯಲ್ಲಿ ಏನಿರುತ್ತದೆ ಅನ್ನುವುದು ಫಲಿತ.

ಈ ಸಾಲನ್ನು ತುಂಬಿ ನೋಡಿ: "ಇದು ಮುಗಿದಾಗ ನಮ್ಮ ಬಳಿ ಡ್ಯಾಶ್ ಇರುತ್ತದೆ." ಖಾಲಿ ಜಾಗದಲ್ಲಿ ಒಂದು ವಸ್ತು ಕೂರಬೇಕು. ಹೌದು ಅಥವಾ ಬೇಡ ಅನ್ನುವ ತೀರ್ಮಾನ ಇರಬಹುದು, ತುಂಬಿದ ಪಟ್ಟಿ ಇರಬಹುದು, ಆಯ್ದ ಎರಡು ಕಾರಣ ಇರಬಹುದು, ಒಬ್ಬರ ಹೆಸರು ಮತ್ತು ತಾರೀಖು ಇರಬಹುದು. "ಸ್ಪಷ್ಟತೆ", "ತಿಳುವಳಿಕೆ" ಅಂತ ತುಂಬಿದರೆ ನೀವು ಇನ್ನೂ ಅಲ್ಲೇ ಇದ್ದೀರಿ ಅಂತ ಅರ್ಥ. ನಡಾವಳಿ ಬರೆಯುವವರು ಅದನ್ನು ಕಣ್ಣಿಂದ ನೋಡಿ "ಬಂತು" ಅಂತ ಗುರುತು ಹಾಕೋಕೆ ಆಗಬೇಕು.

ಇದರ ಎದುರು ಬದಿಯ ತಪ್ಪೂ ಒಂದಿದೆ, ನಾನು ಅದನ್ನೂ ಮಾಡಿದ್ದೇನೆ. ಎರಡನೆಯ ಸಲ ಬರೆಯುವಾಗ ತಂತ್ರಾಂಶದ ಮುಂದೆ "ಖರೀದಿಗೆ ಒಪ್ಪಿಗೆ" ಅಂತ ಹಾಕಿದೆ. ಗಟ್ಟಿ ಫಲಿತ ಬರೆದೆ ಅಂತ ಖುಷಿಯಲ್ಲಿದ್ದೆ. ಕಳಿಸಿದ ಹತ್ತು ನಿಮಿಷಕ್ಕೆ ಫೋನ್ ತಂಡದ ಹಿರಿಯರು ಕರೆ ಮಾಡಿದರು.

"ತೀರ್ಮಾನ ಮಾಡಿಬಿಟ್ಟಿದ್ದೀರಲ್ಲ ಸರ್, ಇನ್ನು ನಾವು ಬರೋದು ಯಾಕೆ?"

ಅವರು ಹೇಳಿದ್ದು ಸರಿ. ಫಲಿತ ಅಂದರೆ ಯಾವ ಪ್ರಶ್ನೆಗೆ ಉತ್ತರ ಸಿಗಬೇಕು ಅನ್ನುವುದು, ಉತ್ತರ ಏನಾಗಬೇಕು ಅನ್ನುವುದಲ್ಲ. ಅದನ್ನು "ಕೊಳ್ಳಬೇಕೋ, ಹಳೆಯದನ್ನೇ ಮುಂದುವರಿಸಬೇಕೋ: ಒಂದು ತೀರ್ಮಾನ. ಕೊಳ್ಳುವುದಾದರೆ ಬದಲಾವಣೆಯ ತಾರೀಖು" ಅಂತ ತಿದ್ದಿದೆ. ಅವರ ಎರಡನೆಯ ಸಾಲನ್ನೂ ವಿಷಯದ ಕೆಳಗೆ ಹಾಕಿದೆ. "ಹಳೆಯದೇ ಸಾಕಲ್ವಾ" ಅನ್ನುವುದನ್ನು "ವಿರೋಧ ಇದೆ" ಅಂತ ನಾನು ಮೊದಲು ಸಂಕ್ಷೇಪ ಮಾಡಿದ್ದೆ. ಅದೂ ತಪ್ಪು. ಅವರ ಮಾತಿನಲ್ಲಿ ಒಂದು ಕಾರಣ ಇತ್ತು: ಕಲಿಯೋಕೆ ಒಂದು ತಿಂಗಳು. ಆ ಕಾರಣ ಉಳಿಯಬೇಕು. ಹಾಗಾಗಿ "ಗಮನಿಸಬೇಕಾದ ಅಂಶ: ಕಲಿಕೆಗೆ ಒಂದು ತಿಂಗಳು ಬೇಕಾಗಬಹುದು ಅನ್ನುವುದು ಫೋನ್ ತಂಡದ ಅಂದಾಜು" ಅಂತ ಬರೆದು ಅವರಿಗೆ ತೋರಿಸಿದೆ. ಸರಿ ಅಂದರು.

ಇದಕ್ಕೆ ಒಂದು ಲಾಭ ಇದೆ. ತನ್ನ ಮಾತು ಕಾಗದದ ಮೇಲೆ ಇದೆ ಅಂತ ಗೊತ್ತಾದವರು ಸಭೆಯಲ್ಲಿ ಅದನ್ನೇ ಮೂರು ಸಲ ಹೇಳುವುದಿಲ್ಲ. ಒಂದೇ ಮಾತು ಮತ್ತೆ ಮತ್ತೆ ಬರುತ್ತಿದ್ದರೆ, ಆ ಮಾತನ್ನು ಅಜೆಂಡಾದಿಂದ ಯಾರೋ ಗುಡಿಸಿ ಹಾಕಿದ್ದಾರಾ ಅಂತ ಮೊದಲು ನೋಡಿ.

ದೋಷ ಮೂರು: ಬರೆದವರನ್ನೇ ಮಂಡಿಸುವವರನ್ನಾಗಿ ಮಾಡಿದ್ದು

ಲಕ್ಷಣ: ಸಭೆ ನಡೆಸುವವರು ಹೆಸರು ಓದುತ್ತಾರೆ, ಆ ವ್ಯಕ್ತಿ "ನಾನಾ?" ಅನ್ನುತ್ತಾರೆ.

ಕಾಮೆಂಟಿನ ಪಕ್ಕದಲ್ಲಿ ಹೆಸರು ಇರುತ್ತದೆ. ಮಂಡಿಸುವವರ ಕಾಲಂ ಖಾಲಿ ಇರುತ್ತದೆ. ಕೈ ತಾನಾಗೇ ಅಲ್ಲಿಂದ ಇಲ್ಲಿಗೆ ಹೆಸರು ಎತ್ತಿ ಹಾಕುತ್ತದೆ. ಆದರೆ ಜಾಸ್ತಿ ಬರೆದವರು ಜಾಸ್ತಿ ತಲೆಬಿಸಿ ಇರುವವರು, ಅಷ್ಟೇ. ಸಂಗತಿ ಅವರ ಬಳಿ ಇರಬೇಕೆಂದೇನೂ ಇಲ್ಲ. ನಾನು ಹೆಸರು ಹುಡುಕುವುದು ಹೀಗೆ: ನಾಳೆ ಬೆಳಿಗ್ಗೆ ಈ ವಿಷಯದ ಬಗ್ಗೆ ಹೊರಗಿನವರೊಬ್ಬರು ವಿಚಾರಿಸಿದರೆ, ಎಲ್ಲರೂ ಯಾರ ಕಡೆ ಬೆರಳು ತೋರಿಸುತ್ತಾರೆ? ಅವರೇ ಮಂಡಿಸಬೇಕು.

ಪಾಳಿಯ ಬಗ್ಗೆ ಅತಿ ಹೆಚ್ಚು ಬರೆದದ್ದು ಫೋನ್ ತಂಡದವರು. ಆದರೆ ಯಾರ ರಜೆ ಯಾವಾಗ ಅನ್ನುವ ಪಟ್ಟಿ ಇರುವುದು ಪಾಳಿ ಹಾಕುವವರ ಹತ್ತಿರ. ಹಾಗಾಗಿ ಮಂಡಿಸುವವರು ಅವರು. "ಉತ್ತರ ತಡ" ಅನ್ನುವ ಸಾಲಿಗೆ ಹೆಸರೇ ಇರಲಿಲ್ಲ. ತಂಡದ ಮುಖ್ಯಸ್ಥರು ತಾವು ಬರೆದದ್ದು ಅಂದರು, ಆದರೆ ಹೋದ ತಿಂಗಳ ದೂರುಗಳ ಲೆಕ್ಕ ಇದ್ದದ್ದು ಗುಣಮಟ್ಟ ನೋಡುವವರ ಬಳಿ.

ಹೆಸರು ಹಾಕುವ ಮುಂಚೆ ಕೇಳಿ, ಒಪ್ಪಿಗೆ ಪಡೆಯಿರಿ. ಕೇಳುವಾಗ ಏನು ತರಬೇಕು ಅಂತಲೂ ಹೇಳಿ. "ಮಂಗಳವಾರ ಪಾಳಿ ವಿಷಯ ನೀವು ಹೇಳ್ತೀರಾ?" ಅಂದರೆ ಸಾಲದು. "ಮೂರು ನಿಮಿಷ ನಿಮ್ಮದು. ನಾಲ್ಕು ವಾರಾಂತ್ಯದ ಖಾಲಿ ಪಟ್ಟಿ ತನ್ನಿ, ರಜೆ ಇರುವವರ ಹೆಸರು ಅದರಲ್ಲೇ ಗುರುತಾಗಿರಲಿ" ಅನ್ನಬೇಕು. ಒಂದು ವಿಷಯಕ್ಕೆ ಒಂದೇ ಹೆಸರು ಇರಲಿ. "ತಾಂತ್ರಿಕ ವಿಭಾಗ ಮತ್ತು ಫೋನ್ ತಂಡ" ಅಂತ ಎರಡು ಹೆಸರು ಹಾಕಿದರೆ ಇಬ್ಬರೂ ಇನ್ನೊಬ್ಬರು ತಯಾರಾಗಿ ಬರುತ್ತಾರೆ ಅಂತ ನಂಬಿ ಬರಿಗೈಯಲ್ಲಿ ಬರುತ್ತಾರೆ.

ದೋಷ ನಾಲ್ಕು: ಕ್ರಮ

ಮೂರನೆಯ ವಿಷಯ ನಡೆಯುವಾಗ "ಅದು ಗೊತ್ತಾಗದೆ ಇದನ್ನು ಹೇಗೆ ಹೇಳೋದು?" ಅಂತ ಬಂದರೆ ಕ್ರಮ ತಪ್ಪಿದೆ. ಕಚ್ಚಾ ಪಟ್ಟಿಯಲ್ಲೇ ಇದರ ಸುಳಿವು ಸಿಗುತ್ತದೆ. "ಮೊದಲು ಹೇಳಿ", "ಇದರಲ್ಲೇ ಸೇರಿದೆಯಾ", "ಅದು ಸರಿಯಾದ್ರೆ ಇದೂ" ಅನ್ನುವ ಮಾತುಗಳಿಗೆ ಕೆಳಗೆ ಗೆರೆ ಎಳೆಯಿರಿ. ಒಂದೊಂದೂ ಒಂದು ಬಾಣ.

ನಮ್ಮ ಪಟ್ಟಿಯಲ್ಲಿ ಮೂರು ಬಾಣ ಇವೆ. ಶುಲ್ಕ ಗೊತ್ತಾಗದೆ ತಂತ್ರಾಂಶದ ತೀರ್ಮಾನ ಆಗದು. ಭತ್ಯೆ ಗೊತ್ತಾಗದೆ ಪಾಳಿಗೆ ಯಾರೂ ಹೆಸರು ಕೊಡುವುದಿಲ್ಲ. ಪಾಳಿ ಮತ್ತು ಉತ್ತರದ ತಡ, ಇವೆರಡಕ್ಕೂ ನಂಟಿದೆ ಅಂತ ಒಬ್ಬರ ನಂಬಿಕೆ. ಮೊದಲೆರಡು ಅಂಕಿಗಳು ಸಭೆಗೆ ಮುಂಚೆಯೇ ಬರಬೇಕು. ಲೆಕ್ಕಪತ್ರದವರಿಗೆ ಸೋಮವಾರ ಮಧ್ಯಾಹ್ನದ ಗಡುವು ಕೊಟ್ಟೆ. ಮೂರನೆಯ ಬಾಣದಿಂದಾಗಿ ಪಾಳಿ ಮುಂದೆ, ತಡದ ವಿಷಯ ಹಿಂದೆ.

ಗಡುವಿನೊಳಗೆ ಅಂಕಿ ಬರದಿದ್ದರೆ? ಅದಕ್ಕೂ ಒಂದು ಸಾಲು ಬೇಕು. "ವರದಿ ಅಥವಾ ಶುಲ್ಕ ಸೋಮವಾರ ಮಧ್ಯಾಹ್ನದೊಳಗೆ ಬರದಿದ್ದರೆ ಈ ವಿಷಯ ಹತ್ತು ನಿಮಿಷ ಮಾತ್ರ, ಫಲಿತ: ಬಾಕಿ ಪ್ರಶ್ನೆಗಳ ಪಟ್ಟಿ" ಅಂತ ಅಜೆಂಡಾದಲ್ಲೇ ಬರೆದೆ. ಅಂಕಿ ಇಲ್ಲದೆ ಇಪ್ಪತ್ತು ನಿಮಿಷ ವಾದ ಮಾಡುವುದು ತಪ್ಪುತ್ತದೆ. ತರಬೇಕಾದವರಿಗೂ ಚುರುಕು ಮುಟ್ಟುತ್ತದೆ.

ದೋಷ ಐದು: ಸಮಯ ಮೊದಲು ಹಾಕಿದ್ದು

ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ನಾನು ಮೊದಲ ಸಲ ಕೆಟ್ಟದ್ದೇ ಇಲ್ಲಿ, ನಿಮಿಷ ಮೊದಲು ಹಂಚಿದೆ. ಫಲಿತ ಏನು ಅಂತ ಗೊತ್ತಿಲ್ಲದೆ ಎಷ್ಟು ಹೊತ್ತು ಬೇಕು ಅಂತ ಹೇಳುವುದು ಸಾಧ್ಯವಿಲ್ಲ. ಊರಿನ ಹೆಸರು ಗೊತ್ತಿಲ್ಲದೆ ಪ್ರಯಾಣಕ್ಕೆ ಎಷ್ಟು ಗಂಟೆ ಅಂತ ಕೇಳಿದ ಹಾಗೆ ಅದು.

ಕಾಮೆಂಟ್ ಎಷ್ಟಿವೆ ಅಂತ ನೋಡಿ ಸಮಯ ಹಂಚುವುದೂ ಅಷ್ಟೇ ಕೆಟ್ಟ ದಾರಿ. ಎಲ್ಲರಿಗೂ ಅರ್ಥವಾಗುವ ಸಣ್ಣ ವಿಷಯಕ್ಕೇ ಜಾಸ್ತಿ ಮಾತು ಬೀಳುತ್ತದೆ. ಬ್ರಿಟನ್ನಿನ ಇತಿಹಾಸಕಾರ ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್ 1957ರಲ್ಲೇ ಇದನ್ನು ಗೇಲಿ ಮಾಡಿದ್ದರು. ಅವರ ಕಲ್ಪನೆಯ ಸಮಿತಿ ಅಣು ರಿಯಾಕ್ಟರಿಗೆ ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಟ್ಟು, ಸೈಕಲ್ ನಿಲ್ಲಿಸುವ ಚಪ್ಪರದ ಬಗ್ಗೆ ಮುಕ್ಕಾಲು ಗಂಟೆ ಕೊರೆಯುತ್ತದೆ.

ಹಾಗಾದರೆ ನಿಮಿಷ ಎಲ್ಲಿಂದ ಬರುತ್ತದೆ? ಫಲಿತದಿಂದ. ಪ್ರತಿ ವಿಷಯವನ್ನು ಅದು ನಡೆಯುವ ಹಾಗೇ ಬಿಡಿಸಿ ನೋಡಿ. ತಂತ್ರಾಂಶದ್ದು ತೀರ್ಮಾನ. ಎಲ್ಲರೂ ವರದಿ ಓದಿ ಬಂದಿದ್ದರೆ ಮಂಡಿಸುವವರಿಗೆ ನಾಲ್ಕು ನಿಮಿಷ ಸಾಕು. ಉಳಿದ ಎಂಟು ಜನರಿಗೆ ತಲಾ ಒಂದು ನಿಮಿಷ ಕೊಟ್ಟರೆ ಎಂಟು. ಅಲ್ಲಿ ಎದ್ದ ತಕರಾರಿಗೆ ಐದು. ತೀರ್ಮಾನವನ್ನು ಒಂದು ವಾಕ್ಯ ಮಾಡಿ ಎಲ್ಲರಿಗೂ ಓದಿ ಹೇಳೋಕೆ ಮೂರು. ಒಟ್ಟು ಇಪ್ಪತ್ತು. ಪಾಳಿಯದ್ದು ಪಟ್ಟಿ ತುಂಬುವ ಕೆಲಸ. ನಾಲ್ಕು ವಾರಾಂತ್ಯ, ಎಂಟು ದಿನ. ದಿನಕ್ಕೆ ಒಂದೂವರೆ ನಿಮಿಷ ಅಂದರೆ ಹನ್ನೆರಡು, ಮಂಡಿಸೋಕೆ ಮೂರು. ಹದಿನೈದು ಆಯಿತು. ತಡದ ವಿಷಯವನ್ನು ಅಲ್ಲೇ ಬಗೆಹರಿಸುವ ಆಸೆ ಬಿಟ್ಟುಬಿಟ್ಟೆ. ಯಾವ ಎರಡು ಕಾರಣವನ್ನು ಮೊದಲು ಪರೀಕ್ಷಿಸಬೇಕು, ಯಾರು, ಅಷ್ಟು ಸಾಕು. ಅದಕ್ಕೆ ಹನ್ನೆರಡು.

ಈಗ ಕೂಡಿಸಿ: 20, 15, 12. ಒಟ್ಟು 47. ಶುರುವಿಗೆ ಮೂರು, ಕೊನೆಗೆ ತೀರ್ಮಾನ ಓದೋಕೆ ಐದು. ಐದು ನಿಮಿಷ ಖಾಲಿ ಬಿಟ್ಟೆ. ಆ ಖಾಲಿ ಜಾಗಕ್ಕೂ ಪಟ್ಟಿಯಲ್ಲಿ ಒಂದು ಸಾಲು ಕೊಡಿ, ಇಲ್ಲದಿದ್ದರೆ ಯಾರಾದರೂ ಅದಕ್ಕೆ "ಇತರೆ" ತುರುಕುತ್ತಾರೆ. ಕೂಡಿಸಿದ್ದು ಅರವತ್ತು ಮೀರಿದರೆ ಎಲ್ಲದರಿಂದ ಎರಡೆರಡು ನಿಮಿಷ ಕೆರೆಯಬೇಡಿ. ಆಗ ಎಲ್ಲವೂ ಅರ್ಧಕ್ಕೇ ನಿಲ್ಲುತ್ತವೆ. ಒಂದು ವಿಷಯವನ್ನು ಮುಂದಿನ ಸಭೆಗೆ ಹಾಕಿ, ಅಥವಾ ಫಲಿತವನ್ನೇ ಚಿಕ್ಕದು ಮಾಡಿ.

ಗಡಿಯಾರದ ಸಮಯವನ್ನು ಕೈಯಲ್ಲಿ ಬರೆದರೆ ಒಂದನ್ನು ತಿದ್ದಿದಾಗ ಕೆಳಗಿನದ್ದೆಲ್ಲ ತಪ್ಪುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಶುರುವಿನ ಸಮಯ A ಕಾಲಂನಲ್ಲಿ, ನಿಮಿಷ B ಕಾಲಂನಲ್ಲಿ ಇರಲಿ. A2ರಲ್ಲಿ 10:00 ಅಂತ ಹಾಕಿ. A3ರಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=A2+B2/1440
```

ದಿನಕ್ಕೆ 1440 ನಿಮಿಷ, ಅದಕ್ಕೇ ಆ ಭಾಗಾಕಾರ. ಇಲ್ಲಿ ಎರಡು ಸಣ್ಣ ತೊಂದರೆ ಬರಬಹುದು. 10:03ರ ಬದಲು 0.41875 ಅಂತ ಕಂಡರೆ ಲೆಕ್ಕ ಸರಿಯಿದೆ, ಕೋಶದ ನಮೂನೆಯನ್ನು ಸಮಯಕ್ಕೆ ಬದಲಿಸಿ. ನಮೂನೆ ಬದಲಿಸಿದ ಮೇಲೆ ಮಧ್ಯರಾತ್ರಿ ದಾಟಿ ಮೂರು ನಿಮಿಷ ಅಂತ ಬಂದರೆ, ನೀವು 10:00 ಅಂತ ಹಾಕುವ ಬದಲು 10.00 ಅಂತ ಚುಕ್ಕಿ ಹಾಕಿದ್ದೀರಿ. ಅದಕ್ಕೆ ಅದು ಹತ್ತು ದಿನ. ಎಲ್ಲ ಸರಿ ಇದ್ದರೆ ಕೊನೆಯ ಸಾಲಿನ ಕೆಳಗೆ 11:00 ಬರಬೇಕು.

ತಿದ್ದಿದ ಮೇಲೆ ಬಂದದ್ದು

10:00 – ಆರಂಭ, 3 ನಿಮಿಷ – ಸಭೆ ನಡೆಸುವವರು – ಫಲಿತಗಳನ್ನು ಓದಿ ಹೇಳಿದ್ದು

10:03 – ದೂರು ತಂತ್ರಾಂಶ, 20 ನಿಮಿಷ – ತಾಂತ್ರಿಕ ವಿಭಾಗ – ಕೊಳ್ಳಬೇಕೋ ಬೇಡವೋ ಅನ್ನುವ ತೀರ್ಮಾನ, ಕೊಳ್ಳುವುದಾದರೆ ತಾರೀಖು

10:23 – ವಾರಾಂತ್ಯದ ಪಾಳಿಗೆ ಯಾರು, 15 ನಿಮಿಷ – ಪಾಳಿ ಹಾಕುವವರು – ಎಂಟೂ ದಿನಕ್ಕೆ ಹೆಸರು ತುಂಬಿದ ಪಟ್ಟಿ, ಶುರುವಿನ ತಾರೀಖು

10:38 – ಉತ್ತರ ತಡವಾಗುವುದು, 12 ನಿಮಿಷ – ಗುಣಮಟ್ಟ ನೋಡುವವರು – ಪರೀಕ್ಷಿಸಬೇಕಾದ ಎರಡು ಕಾರಣ, ಒಂದೊಂದಕ್ಕೂ ಒಬ್ಬರ ಹೆಸರು

10:50 – ಖಾಲಿ, 5 ನಿಮಿಷ

10:55 – ತೀರ್ಮಾನಗಳ ಓದು, 5 ನಿಮಿಷ – ನಡಾವಳಿ ಬರೆಯುವವರು – ಎಲ್ಲರೂ ಒಪ್ಪಿದ ವಾಕ್ಯಗಳು

ಪ್ರತಿ ವಿಷಯದ ಕೆಳಗೆ ಗಮನಿಸಬೇಕಾದ ಅಂಶಗಳು ಒಂದೆರಡು ಸಾಲು, ಓದಿಕೊಂಡು ಬರಬೇಕಾದ ಕಡತದ ಕೊಂಡಿ. ಖರ್ಚಿನ ಪಟ್ಟಿ ಬೇರೆ ಮೇಲ್‌ನಲ್ಲಿ ಹೋಯಿತು.

ಒಂದು ಎಚ್ಚರಿಕೆ. ಇದೆಲ್ಲ ತಂಡದೊಳಗಿನ ಸಭೆಗೆ. ಬೈಲಾ ಇರುವ ಸಂಘದ ಮಹಾಸಭೆಗೋ, ಕಂಪನಿಯ ನಿರ್ದೇಶಕರ ಮಂಡಳಿಗೋ ನೋಟಿಸಿನ ಜೊತೆ ಹೋದ ವಿಷಯಗಳನ್ನು ನೀವು ಹೀಗೆ ಸೇರಿಸುವ, ತೆಗೆಯುವ ಹಾಗಿಲ್ಲ. ಅಲ್ಲಿ ನೋಟಿಸಿನ ಮಾತನ್ನು ಇದ್ದ ಹಾಗೇ ಇಟ್ಟು, ಸಮಯ ಮತ್ತು ಮಂಡಿಸುವವರ ಹೆಸರನ್ನು ಸಭೆ ನಡೆಸುವವರಿಗೆ ಬೇರೆ ಹಾಳೆಯಲ್ಲಿ ಕೊಡಿ.

ಸಭೆಯ ದಿನ ಇನ್ನೊಂದು ಕಾಲಂ ಸೇರಿಸಿದೆ: ನಿಜವಾಗಿ ಹಿಡಿದ ನಿಮಿಷ. ತಂತ್ರಾಂಶಕ್ಕೆ 24 ಆಯಿತು, ಖಾಲಿ ಬಿಟ್ಟ ಐದರಲ್ಲಿ ನಾಲ್ಕು ಅಲ್ಲೇ ಹೋಯಿತು. ಉಳಿದದ್ದು ಹೇಳಿದ ಸಮಯಕ್ಕೆ ಮುಗಿಯಿತು. ಆ ನಾಲ್ಕು ನಿಮಿಷ ಎಲ್ಲಿ ಸೋರಿತು ಅಂತ ನಡಾವಳಿಯಲ್ಲಿ ಹುಡುಕಿದೆ. ಇಬ್ಬರು ವರದಿ ಓದಿರಲಿಲ್ಲ. ಅವರ ಪ್ರಶ್ನೆಗಳಿಗೆಲ್ಲ ಉತ್ತರ ವರದಿಯ ಎರಡನೆಯ ಪುಟದಲ್ಲೇ ಇತ್ತು. ಮುಂದಿನ ಸಲ ತೀರ್ಮಾನದ ವಿಷಯಕ್ಕೆ ಮಂಡಿಸುವ ನಾಲ್ಕು ನಿಮಿಷ ತೆಗೆದು, ಎಲ್ಲರೂ ಅಲ್ಲೇ ಕೂತು ಮೌನವಾಗಿ ಓದೋಕೆ ಐದು ನಿಮಿಷ ಹಾಕಿದ್ದೇನೆ.